ಕಾಗದದಲ್ಲಿಲ್ಲದ ಹಗೇವು

ಏಳು ಕೊಟ್ಟರೆ ಆರಾಗುವ ಒಂದು ದೇಶವಿತ್ತಂತೆ. ಆ ದೇಶದ ಅರಸನ ದರಬಾರು ಮುಗಿದು ನಾಲ್ಕು ವರ್ಷವಾಗಿತ್ತಂತೆ. ಆದರೆ ಅವನ ರೂಪಾಯಿಗಳಿಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲವಂತೆ. ಅವು ಸಂತೆಯಿಂದ ಸಂತೆಗೆ ತಿರುಗುತ್ತಲೇ ಇದ್ದವಂತೆ. ಆ ರೂಪಾಯಿಗೆ ಹಾಲಿ ಎಂದು ಹೆಸರು. ದಿಲ್ಲಿಯ ರೂಪಾಯಿಗೆ ಕಲ್ದಾರ ಎಂದು ಹೆಸರು. ಏಳು ಹಾಲಿ ಎಣಿಸಿಕೊಟ್ಟರೆ ಆರು ಕಲ್ದಾರ ಕೈಗೆ ಬರುತ್ತಿದ್ದವು. ಉಳಿದ ಒಂದು ಎಲ್ಲಿಗೆ ಹೋಯಿತೆಂದು ಯಾರೂ ಕೇಳುತ್ತಿರಲಿಲ್ಲ.

ನನ್ನ ಆಯಿ, ಅಪ್ಪನ ತಾಯಿ ಬಂಡೆಮ್ಮ, ಈ ಕಥೆ ಹೇಳಿದ್ದರೆ ಹೀಗೇ ಶುರುಮಾಡುತ್ತಿದ್ದಳು. ಅವಳ ಕಥೆಗಳಲ್ಲಿ ನೆಲದ ಕೆಳಗೆ ಯಾವಾಗಲೂ ಏನಾದರೊಂದು ಇರುತ್ತಿತ್ತು. ರಾಕ್ಷಸನ ಜೀವ, ಏಳನೆಯ ರಾಣಿ, ಮಾತು ಬಲ್ಲ ಹಾವು. ಕೇಳುತ್ತ ಕೇಳುತ್ತ ನಾನು ನೆಲಕ್ಕೆ ಕಿವಿಯಿಟ್ಟು ಮಲಗುತ್ತಿದ್ದೆ. ಅಪ್ಪ ಹೋದ ವರ್ಷದಿಂದ ಆ ಅಭ್ಯಾಸ ಬಿಟ್ಟಿತು. ಆಯಿಯ ಕಥೆಗಳೂ ನಿಂತವು.

೧೯೫೨ರ ಅಕ್ಟೋಬರಿನಲ್ಲಿ ನನಗೆ ಹತ್ತೊಂಬತ್ತು. ಕಲಬುರಗಿಯ ಸೇಡಂ ರಸ್ತೆಯಲ್ಲಿ ಎರಡು ಕೋಣೆಯ ಒಂದು ಕಚೇರಿಯಿತ್ತು; ಅದರ ಹಲಗೆಯ ಮೇಲೆ ‘ಮಕ್ಕಳ ಆಸರೆ ಮಂಡಳಿ’ ಎಂದು ಬರೆದಿತ್ತು. ೧೯೪೮ರ ಪೊಲೀಸ್ ಕಾರ್ಯಾಚರಣೆಗೆ ಮುಂಚಿನ ತಿಂಗಳುಗಳಲ್ಲಿಯೂ ಅದರ ನಂತರದ ವಾರಗಳಲ್ಲಿಯೂ ತಂದೆತಾಯಿ ಕಳೆದುಕೊಂಡ ಮೂವತ್ತೆಂಟು ಮಕ್ಕಳನ್ನು ಮಂಡಳಿ ಕಮಲಾಪುರದ ಒಂದು ಬಾಡಿಗೆ ವಾಡೆಯಲ್ಲಿ ಸಾಕುತ್ತಿತ್ತು. ನಾನೂ ಆಯಿಯೂ ಮೊದಲು ಆ ವಾಡೆಗೇ ಬಂದವರು. ಆಯಿ ಅಲ್ಲಿಯೇ ಅಡುಗೆಯವಳಾಗಿ, ಕಾಳುಕಡಿಯ ಕೀಲಿ ಇಟ್ಟುಕೊಂಡು ಉಳಿದಳು. ನನಗೆ ಉರ್ದೂ, ಕನ್ನಡ ಎರಡೂ ಬರೆಯಲು ಬರುತ್ತಿದ್ದುದರಿಂದ ಮಂಡಳಿಯವರು ಎರಡು ವರ್ಷದ ಹಿಂದೆ ಕಲಬುರಗಿಗೆ ಕರೆಸಿ, ಹಿರಿಯ ಗುಮಾಸ್ತ ಖಂಡೆಪ್ಪನವರ ಕೈಕೆಳಗೆ ಕೂರಿಸಿದರು.

ಆ ತಿಂಗಳ ಮೊದಲ ವಾರ ಖಂಡೆಪ್ಪನವರು ಜ್ವರದಿಂದ ಆಸ್ಪತ್ರೆ ಸೇರಿದರು. ನಾನು ಗಂಜಿ ಒಯ್ದಾಗ ಅವರು ಗಂಜಿಯ ಕಡೆ ನೋಡಲಿಲ್ಲ.

“ಪುತಳಾಬಾಯಿ, ಆ ಆರ ತಿಂಗಳ ಟಿಪ್ಪಣಿ ಅರ್ಧಕ್ಕ ನಿಂತದ.”

“ಹೌದ್ರಿ.”

“ನೀ ಮುಗಿಸು. ವರ್ಷದ ಅಂದಾಜು ಒಂದ್ ಕಡಿ, ಏಪ್ರಿಲ್‌ನಿಂದ ಸೆಪ್ಟೆಂಬರ್‌ ತನಕ ಆದ ಖರ್ಚು ಒಂದ್ ಕಡಿ. ಎದರಾಬದರಾ ಇಡು. ಆಮ್ಯಾಲ ಉಳಿದ ಆರು ತಿಂಗಳಿಗೆ ಎಷ್ಟ್ ಬೇಕಂತ ಹೊಸದಾಗಿ ಲೆಕ್ಕಾ ಹಾಕು.” ಸ್ವಲ್ಪ ಹೊತ್ತು ಉಸಿರೆಳೆದುಕೊಂಡರು. “ಹಿಂದಿಂದು ನೋಡಿ ಮುಂದಿಂದು ಬರೀಬ್ಯಾಡ. ಮುಂದ ಏನ್ ಕೊಳ್ಳೋದದ ಅದನ್ನ ನೋಡಿ ಬರಿ. ಮುಗಸ್ತೀನಿ ಅನ್ನು.”

“ಮುಗಸ್ತೀನ್ರಿ.”

ಎರಡು ದಿನಕ್ಕೆ ಅವರು ತೀರಿಕೊಂಡರು. ನಾನು ಅವರ ಮಸಿಕುಡಿಕೆ ತೊಳೆದೆ, ನಿಬ್ಬು ಒರೆಸಿದೆ, ಕುರ್ಚಿಯ ಮೇಲಿದ್ದ ಅವರ ಟವೆಲು ಮಡಿಚಿಟ್ಟೆ. ಅಳು ಬರಲಿಲ್ಲ. ನಾಲ್ಕು ವರ್ಷದಿಂದ ನನಗೆ ಹಾಗೆಯೇ. ಚಳಿಗಾಲದ ಬೆಳಗಿನಲ್ಲಿ ಬೆರಳಿಗೆ ಸೂಜಿ ಚುಚ್ಚಿದರೆ ರಕ್ತ ಕಾಣುತ್ತದೆ, ನೋವು ಬರುವುದಿಲ್ಲವಲ್ಲ, ಹಾಗೆ.

ಮರುದಿನ ಮಂಡಳಿಯ ಕಾರ್ಯದರ್ಶಿ ದತ್ತಪ್ಪನವರು ಬಂದರು. ಖಜಾನೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಕೊಡೆಯನ್ನು ಮೂಲೆಗೆ ಒರಗಿಸುವಾಗಲೂ ಎರಡು ಬಾರಿ ನೋಡಿ ಒರಗಿಸುವವರು. ಖಂಡೆಪ್ಪನವರ ಉರ್ದೂ ಲೆಕ್ಕದ ವಹಿಯನ್ನು ನಾನು ಓದಿ ಹೇಳಿದೆ, ಅವರು ಕೂಡಿಸಿದರು. ಆರು ತಿಂಗಳಲ್ಲಿ ಕಮಲಾಪುರದ ಖರ್ಚು ನಾಲ್ಕು ಸಾವಿರದ ಎಂಟುನೂರಾ ಮೂವತ್ತು.

“ಇದು ಹಾಲಿ ಐತ್ರಿ,” ಎಂದೆ. “ಕಮಲಾಪುರದ ಸಂತ್ಯಾಗ ಎಲ್ಲಾ ಹಾಲಿನೇ ನಡೀತದ. ಅಂದಾಜು ಬರದದ್ದು ಕಲ್ದಾರದಾಗ.”

“ಗೊತ್ತದವ್ವ. ಏಳಕ್ಕ ಆರು ಹಾಕು.”

ಹಾಕಿದೆ. ನಾಲ್ಕು ಸಾವಿರದ ನೂರಾ ನಲವತ್ತು ಕಲ್ದಾರ ಬಂತು. ಇಡೀ ವರ್ಷದ ಅಂದಾಜು ಆರು ಸಾವಿರ. ಅರ್ಧ ವರ್ಷಕ್ಕೆ ಮೂರು ಸಾವಿರ. ಒಂದು ಸಾವಿರದ ನೂರಾ ನಲವತ್ತು ಹೆಚ್ಚಾಗಿತ್ತು.

ದತ್ತಪ್ಪನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಆರು ತಿಂಗಳಿಗೆ ಇಷ್ಟು ಅಂದ್ರ ವರ್ಷಕ್ಕ ಅದರ ಎರಡರಷ್ಟು. ಎಂಟು ಸಾವಿರದ ಇನ್ನೂರಾ ಎಂಬತ್ತು. ಎರಡು ಸಾವಿರದ ಮ್ಯಾಲ ತೂತು. ಅದನ್ನ ಯಾರು ಮುಚ್ಚತಾರ?”

ನಾನು ವಹಿ ಮುಚ್ಚಿದೆ.

“ಡಿಸೆಂಬರಿಗೆ ಕಮಲಾಪುರ ಬಂದ್ ಮಾಡ್ಬೇಕಾಗ್ತದ,” ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಅವರ ದನಿಯೂ ನನ್ನದರಂತೆಯೇ ಬತ್ತಿತ್ತು. “ಸಂಬಂಧಿಕರು ಇದ್ದ ಮಕ್ಕಳನ್ನ ಸಂಬಂಧಿಕರ ಹತ್ರ ಕಳಸೋದು. ಉಳಿದವರನ್ನ ಹೈದರಾಬಾದಿಗೆ. ಇದೇ ಸೋಮವಾರ ಮಂಡಳಿ ಕೂಡ್ತದ. ನೀ ಟಿಪ್ಪಣಿ ಬರದು ತಯಾರ ಮಾಡು.”

“ನಮ್ಮ ಆಯಿ?”

“ಅಡಗಿಯಾಕಿಗೆ ಒಂದು ತಿಂಗಳ ಪಗಾರ ಹೆಚ್ಚಿಗಿ ಕೊಡೋಣು.”

ಅವರು ಕೊಡೆ ತೆಗೆದುಕೊಂಡು ಹೋದರು. ನಾನು ಎಂಟು ಸಾವಿರದ ಇನ್ನೂರಾ ಎಂಬತ್ತು ಎಂದು ಕಾಗದದ ಮೇಲೆ ಬರೆದೆ. ಆಮೇಲೆ ಖಂಡೆಪ್ಪನವರ ಮಾತು ನೆನಪಾಯಿತು: ಮುಂದೆ ಏನು ಕೊಳ್ಳುವುದಿದೆ ಅದನ್ನು ನೋಡಿ ಬರಿ. ವಹಿಯನ್ನು ಮತ್ತೆ ಬಿಡಿಸಿದೆ, ಈ ಸಲ ಕೊನೆಯ ಮೊತ್ತ ನೋಡದೆ ಒಂದೊಂದು ಬಾಬನ್ನು ನೋಡಿದೆ.

ಕಲ್ದಾರಕ್ಕೆ ತಿರುಗಿಸಿದರೆ ಪಗಾರ ಏಳುನೂರಾ ಇಪ್ಪತ್ತು, ಬಾಡಿಗೆ ನೂರಾ ಎಂಬತ್ತು. ಇವೆರಡೂ ಅಂದಾಜಿನ ಸರಿಯಾಗಿ ಅರ್ಧ. ಬೇಳೆ, ಎಣ್ಣೆ, ಖಾರ, ಕಾಯಿಪಲ್ಲೆ ಸೇರಿ ಒಂದು ಸಾವಿರದ ಇಪ್ಪತ್ತು. ಅಂದಾಜಿಗಿಂತ ತಿಂಗಳಿಗೆ ಹತ್ತು ರೂಪಾಯಿ ಹೆಚ್ಚು. ಬಟ್ಟೆ, ಪಾಟಿ, ಪುಸ್ತಕ ನಾನೂರಾ ಇಪ್ಪತ್ತು. ವರ್ಷಕ್ಕೆ ಇಟ್ಟದ್ದು ನಾನೂರಾ ಎಂಬತ್ತು. ಆದರೆ ಸಾಲೆ ಶುರುವಾಗುವುದು ಜೂನಿನಲ್ಲಿ, ಅಂಗಿ ಹೊಲಿಸುವುದೂ ಆಗಲೇ. ಡಿಸೆಂಬರಿನಲ್ಲಿ ಯಾರೂ ಮತ್ತೊಮ್ಮೆ ಪಾಟಿ ಕೊಳ್ಳುವುದಿಲ್ಲ. ಈ ಬಾಬನ್ನು ಎರಡರಿಂದ ಗುಣಿಸುವುದು ತಪ್ಪು.

ಉಳಿದದ್ದು ಜೋಳ. ಏಪ್ರಿಲ್ ಮೊದಲಲ್ಲಿ ಒಂದೇ ಸಲಕ್ಕೆ ಅರವತ್ತು ಚೀಲ, ಚೀಲಕ್ಕೆ ಮೂವತ್ತೈದು ಹಾಲಿ. ಎರಡು ಸಾವಿರದ ನೂರು ಹಾಲಿ ಎಂದರೆ ಒಂದು ಸಾವಿರದ ಎಂಟುನೂರು ಕಲ್ದಾರ. ವರ್ಷಕ್ಕೆ ಜೋಳದ ಅಂದಾಜೂ ಅಷ್ಟೇ. ಆಮೇಲೆ ಸೆಪ್ಟೆಂಬರ್ ತನಕ ಒಂದು ಚೀಲವನ್ನೂ ಕೊಂಡಿರಲಿಲ್ಲ.

ಅರವತ್ತು ಚೀಲ ತಿಂದು ಮುಗಿದಿದೆಯೋ, ಉಳಿದಿದೆಯೋ. ವಹಿ ಅಷ್ಟು ಹೇಳುತ್ತಿರಲಿಲ್ಲ. ಎಲ್ಲ ನಿಂತದ್ದು ಅದರ ಮೇಲೆ.

ಶುಕ್ರವಾರ ಬೆಳಿಗ್ಗೆ ಬಸ್ಸು ಹತ್ತಿದೆ. ಕಮಲಾಪುರದಲ್ಲಿ ಇಳಿದಾಗ ಕೆಂಪು ಬಾಳೆಯ ಗೊನೆಗಳನ್ನು ಮೋಟರಿನ ಮೇಲೆ ಏರಿಸುತ್ತಿದ್ದರು. ಮೊದಲೆಲ್ಲ ಆ ಬಣ್ಣ ಕಂಡರೆ ಸಾಕು, ನನ್ನ ತಲೆಯೊಳಗೆ ಒಂದು ಕಥೆ ಎದ್ದು ಕೂರುತ್ತಿತ್ತು. ಆ ದಿನ ಅದು ಬಾಳೆಹಣ್ಣಾಗಿಯೇ ಉಳಿಯಿತು.

ವಾಡೆಯ ಮೇಲ್ವಿಚಾರಕಿ ಮಸ್ತಾನಬಿ. ಮಕ್ಕಳೆಲ್ಲ ಅವರಿಗೆ ಖಾಲಾ ಎನ್ನುತ್ತಿದ್ದರು, ನಾನೂ. ಅವರ ಗಂಡ ಪೊಲೀಸ್ ಕಾರ್ಯಾಚರಣೆ ನಡೆದ ಸೆಪ್ಟೆಂಬರಿನ ಒಂದು ಬೆಳಿಗ್ಗೆ ಮಳಖೇಡದ ಕಡೆ ಹೋದವರು ತಿರುಗಿ ಬರಲಿಲ್ಲ. ಅದರ ಬಗ್ಗೆ ಅವರು ಹೇಳಿದ್ದನ್ನು ನಾನು ಕೇಳಿಲ್ಲ.

“ಆವೋ ಬೇಟಾ. ಲೆಕ್ಕದಾಕಿ ಬಂದಾಳ ಅಂದ್ರ ಏನೋ ಕಮ್ಮಿ ಬಿದ್ದದ,” ಎಂದರು.

“ಕಮ್ಮಿ ಅಲ್ಲ ಖಾಲಾ, ಹೆಚ್ಚಾಗ್ಯಾದ. ಜೋಳದ ವಹಿ ಕೊಡ್ರಿ.”

ಅವರು ಕೊಟ್ಟದ್ದು ದಿನದ ಖರ್ಚಿನ ವಹಿ. ಒಂದೊಂದು ಬೆಳಿಗ್ಗೆ ಉಗ್ರಾಣದಿಂದ ಬೀಸಲಿಕ್ಕೆ ತೆಗೆದ ಜೋಳ ಎಷ್ಟು ಸೇರು ಎಂದು ಅದರಲ್ಲಿತ್ತು. ಬಂದ ಮಾಲು ಬರೆಯುವ ಕಡೆ ಖಾಲಿ. ನಾನು ಪಡಸಾಲೆಯಲ್ಲಿ ಕೂತು ಆರು ತಿಂಗಳ ಸೇರುಗಳನ್ನು ಕೂಡಿಸಿ ಚೀಲ ಮಾಡಿದೆ. ಸೆಪ್ಟೆಂಬರ್ ಕೊನೆಯ ತನಕ ಇಪ್ಪತ್ತೆಂಟು ಚೀಲ. ಆ ದಿನ ಉಗ್ರಾಣದಲ್ಲಿ ಎರಡು ಚೀಲ ಉಳಿದಿತ್ತೆಂದು ಖಾಲಾ ಹೇಳಿದರು. ಈಗ ಅದರಲ್ಲಿ ಕಾಲು ಚೀಲವಷ್ಟೇ ಇತ್ತು.

“ಒಟ್ಟು ಮೂವತ್ತಾಯ್ತು. ಕೊಂಡದ್ದು ಅರವತ್ತು. ಉಳಿದ ಮೂವತ್ತು ಚೀಲ ಎಲ್ಲಿ?”

ಖಾಲಾ ಅಡುಗೆಮನೆಯ ಕಡೆ ನೋಡಿದರು. ಅಲ್ಲಿ ಆಯಿ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸಪ್ಪಳ ನಿಂತಿತು, ಮತ್ತೆ ಶುರುವಾಯಿತು.

“ಆಯಿ, ಮೂವತ್ತು ಚೀಲ ಮಾರ್ಯಾರ ಅಂತಾರ. ಇಲ್ಲಾಂದ್ರ ತಿಂದಾರ ಅಂತಾರ.”

“ಯಾರಂತಾರ?”

“ಸೋಮವಾರ ಎಲ್ಲರೂ ಅಂತಾರ.”

“ಅನ್ನಲಿ. ಬಾಯಿ ಅವರದು.”

“ಬಾಗಲಾ ಮುಚ್ತಾರ ಆಯಿ. ಡಿಸೆಂಬರಿಗೆ. ಯಾರೂ ಇಲ್ಲದ ಮಕ್ಕಳನ್ನ ಹೈದರಾಬಾದಿಗೆ ಕಳಸ್ತಾರ.”

ಅವಳು ರೊಟ್ಟಿ ಹೆಂಚಿಗೆ ಹಾಕಿ, ನೀರು ಸವರಿ, ತಿರುವಿದಳು. ಬೆಂದ ಮೇಲೆ ನನ್ನ ಮುಂದೆ ತಾಟಿನಲ್ಲಿಟ್ಟು ಪಕ್ಕದಲ್ಲಿ ಶೇಂಗಾ ಹಿಂಡಿ ಹಾಕಿದಳು. “ಮೊದಲ ಉಣ್ಣು. ಬಸ್ಸಿನ್ಯಾಗ ಬಂದೀದಿ.”

ಉಂಡೆ. ತಾಟು ತೊಳೆಯಲು ಹಿತ್ತಲಿಗೆ ಹೋದಾಗ ದನದ ಕೊಟ್ಟಿಗೆಯ ಪಕ್ಕದ ನೆಲ ಕಂಡಿತು. ಅಲ್ಲಿ ಹುಲ್ಲು ಬೇರೆ ಬಣ್ಣದ್ದಾಗಿತ್ತು, ನಡುವೆ ಮಣ್ಣು ಮೆತ್ತಿದ ಒಂದು ಬಂಡೆ. ಅದರ ಮೇಲೆ ಯಾರೋ ಸಗಣಿಯ ಕುಳ್ಳು ಒಣಗಿಸಲಿಟ್ಟಿದ್ದರು. ನೋಡಿದವರಿಗೆ ಕುಳ್ಳೇ ಕಾಣಬೇಕು, ಬಂಡೆ ಕಾಣಬಾರದು, ಹಾಗಿತ್ತು.

ಅದು ಏನೆಂದು ನಮ್ಮ ಕಡೆ ಗೊತ್ತಿಲ್ಲದವರಿಲ್ಲ. ಹಗೇವು ಎಂದರೆ ನೆಲದೊಳಗಿನ ಕಾಳಿನ ಕಣಜ. ಬಾವಿಯಂತೆ ತೋಡಿ, ಸುತ್ತ ಜೋಳದ ಕಣಿಕೆ ಹೊದಿಸಿ, ಜೋಳ ತುಂಬಿ, ಬಾಯಿಗೆ ಬಂಡೆಯಿಟ್ಟು ಮಣ್ಣು ಮೆತ್ತುತ್ತಾರೆ. ಗಾಳಿ ತಾಗದಿದ್ದರೆ ವರ್ಷಗಟ್ಟಲೆ ಹುಳ ಬೀಳುವುದಿಲ್ಲ. ಬಾಯಿ ತೆರೆದರೆ ಮಾತ್ರ ಪೂರಾ ತೆಗೆಯಬೇಕು. ಅರ್ಧ ತೆಗೆದು ಅರ್ಧ ಬಿಟ್ಟರೆ ಉಳಿದದ್ದು ಕೆಡುತ್ತದೆ.

ಆಯಿ ನನ್ನ ಹಿಂದೆಯೇ ಬಂದು ನಿಂತಿದ್ದಳು.

“ಮೂವತ್ತೂ ಇದರಾಗ ಅದಾವೇನು?” ಎಂದೆ.

“ಸುಗ್ಗ್ಯಾಗ ಸಸ್ತಾ ಇತ್ತು. ಈಗ ಕೊಳ್ಳಲಾಕ ಹೋದ್ರ ಚೀಲಕ್ಕ ಐವತ್ತು ಕೇಳ್ತಾರ. ಮಳಿಗಾಲದಾಗ ಹೊರಗಿಟ್ರ ಹುಳಾ ತಿಂತಾವ.”

“ವಹಿಯಾಗ ಯಾಕ ಬರದಿಲ್ಲ?”

ಆಯಿ ಖಾಲಾ ಇದ್ದ ಕಡೆ ನೋಡಿದಳು. “ಆಕಿ ಬರೀತೀನಂದ್ಳು. ನಾನೇ ಬ್ಯಾಡಂದೆ. ಹಗೇವಿನ ಮಾತು ಕಾಗದಕ್ಕ ಹೋಗಬಾರದು. ನಿಮ್ಮಪ್ಪ ಬರದಿದ್ದ.”

ಅದು ನನಗೆ ಗೊತ್ತಿದ್ದ ಮಾತೇ. ಅಪ್ಪ ಭಾಗಪ್ಪ ನಮ್ಮ ಹಳ್ಳಿಯ ಜಮೀನುದಾರರ ಲೆಕ್ಕ ಬರೆಯುತ್ತಿದ್ದ. ಸರಕಾರಕ್ಕೆ ಲೆವಿ ಕಾಳು ಕೊಡಬೇಕಾಗಿತ್ತಲ್ಲ, ಯಾರ ಹಿತ್ತಲಲ್ಲಿ ಎಷ್ಟು ಹಗೇವಿದೆ ಎಂಬ ಪಟ್ಟಿಯನ್ನು ಚೆಂದದ ಅಕ್ಷರದಲ್ಲಿ ಬರೆದಿದ್ದ. ೧೯೪೮ರ ಬೇಸಿಗೆಯಲ್ಲಿ ಬಂದೂಕಿನವರು ಆ ಪಟ್ಟಿ ಹಿಡಿದುಕೊಂಡು ಬಂದರು. ಅರಸನ ಕಡೆಯ ರಜಾಕಾರರೋ, ಅವರ ಹೆಸರು ಹೇಳಿಕೊಂಡು ಬಂದ ಕಳ್ಳರೋ, ನಮಗೆ ತಿಳಿಯಲಿಲ್ಲ. ಒಂದೊಂದಾಗಿ ತೆರೆಸಿದರು. ಕೊನೆಯದರಲ್ಲಿ ಕಾಳು ಬಹಳ ಕೆಳಗಿತ್ತು. ಪಟ್ಟಿಯಲ್ಲಿ ಸುಳ್ಳು ಬರೆದಿದ್ದೀಯಾ, ಇಳಿದು ನೋಡು ಎಂದರು. ಆಗಷ್ಟೇ ತೆರೆದ ಹಗೇವಿನೊಳಗೆ ಉಸಿರಾಡುವ ಗಾಳಿ ಇರುವುದಿಲ್ಲ. ಅಪ್ಪನಿಗೂ ಗೊತ್ತಿತ್ತು. ಇಳಿದ. ಹಗ್ಗ ಸ್ವಲ್ಪ ಹೊತ್ತು ಅಲ್ಲಾಡಿತು.

ನಾನು ಅಂದು ನೆಲಕ್ಕೆ ಕಿವಿಯಿಟ್ಟಿರಲಿಲ್ಲ. ಆದರೂ ಕೇಳಿಸಿತು.

“ಬರದ್ರ ಬರ್ತಾರ,” ಎಂದಳು ಆಯಿ.

“ಬರೀದಿದ್ರ ಮುಚ್ತಾರ,” ಎಂದೆ.

ಸಂಜೆ ಆಯಿ ಮಕ್ಕಳಿಗೆ ನುಚ್ಚು ಬಡಿಸಿದಳು. ಮೂವತ್ತೆಂಟು ತಾಟು. ನಾನು ಎಣಿಸಿದೆ, ಎಣಿಸುವುದು ಕೆಲಸವಾಗಿಬಿಟ್ಟಿತ್ತು. ಮಾಳಮ್ಮ ಎಂಬ ಆರು ವರ್ಷದ ಹುಡುಗಿ ತನ್ನ ತಾಟನ್ನು ಆಯಿಯ ಸೀರೆಯ ಮೇಲೇ ಇಟ್ಟುಕೊಂಡು ಉಂಡಳು. ಆಯಿ ಅವಳನ್ನು ಸರಿಸಲೂ ಇಲ್ಲ, ಮುದ್ದು ಮಾಡಲೂ ಇಲ್ಲ. ಖಾಲಾ ನನ್ನ ಪಕ್ಕ ಕೂತು ಹೇಳಿದರು:

“ಹೈದರಾಬಾದಿಗೆ ಅಂದ್ರ ಹಿಂದೂ ಮಕ್ಕಳು ಒಂದ್ ಕಡಿ, ನಮ್ಮವು ಒಂದ್ ಕಡಿ ಹಾಕ್ತಾರೇನು?”

“ಗೊತ್ತಿಲ್ಲ ಖಾಲಾ.”

“ಇವಕ್ಕ ಅದು ಗೊತ್ತೇ ಇಲ್ಲ ಬೇಟಾ, ಯಾರ್ ಯಾವ ಕಡಿಯವರಂತ.” ಅವರು ತಮ್ಮ ತಾಟಿನಲ್ಲಿದ್ದ ನುಚ್ಚನ್ನು ಕಲಸುತ್ತಲೇ ಇದ್ದರು.

ಬೆಳಗಾಗುವಾಗ ಹಿತ್ತಲಲ್ಲಿ ಸಪ್ಪಳವಾಯಿತು. ಹೋಗಿ ನೋಡಿದರೆ ಆಯಿ ಕುಳ್ಳುಗಳನ್ನು ಒಂದೊಂದಾಗಿ ಎತ್ತಿ ಗೋಡೆಯ ಪಕ್ಕ ಪೇರಿಸುತ್ತಿದ್ದಳು. ಪಕ್ಕದ ಹೊಲದ ಯಂಕಪ್ಪ ಹಾರೆ ಹಿಡಿದು ನಿಂತಿದ್ದ.

“ಎದ್ದೀಯೇನು? ಈತಗ ಹೇಳೀನಿ. ಹ್ಯಾಂಗಿದ್ರೂ ಉಗ್ರಾಣದಾಗ ಕಾಳಿಲ್ಲ, ಇವತ್ತಿಲ್ಲ ನಾಳಿ ತೆಗೀಬೇಕಾಗಿತ್ತು.” ಆಯಿ ನನ್ನ ಮುಖ ನೋಡಲಿಲ್ಲ.

ಯಂಕಪ್ಪ ಮಣ್ಣು ಬಿಡಿಸಿ ಬಂಡೆ ಸರಿಸಿದ. ಒಳಗಿನಿಂದ ಹುಳಿ ವಾಸನೆಯ ಬಿಸಿ ಬಂತು. “ಎಲ್ಲಾರೂ ದೂರ ಸರೀರಿ,” ಎಂದ. “ಮಧ್ಯಾಹ್ನದ ತನಕ ಬಾಯಿ ತೆರದಿರಲಿ. ಕಂದೀಲು ಬಿಟ್ಟು ನೋಡ್ದ ಹೊರತು ನಾ ಇಳಿಯೋನಲ್ಲ. ನನಗ ಹೆಂಡ್ತಿ ಒಬ್ಬಾಕಿ ಸಾಕು, ಯಮಧರ್ಮನ ಕೂಡ ಸಂಬಂಧ ಬ್ಯಾಡ.”

ಆಯಿ ನಗಲಿಲ್ಲ. ಅವನು ಹೇಳಿದ್ದು ಏನೆಂದು ಅವನಿಗೆ ಆಮೇಲೆ ಹೊಳೆದಿರಬೇಕು, ಹಾರೆಯ ಮೊನೆಯನ್ನು ಒರೆಸುತ್ತ ಕೂತ.

ಮಧ್ಯಾಹ್ನ ಕಂದೀಲಿಗೆ ಹಗ್ಗ ಕಟ್ಟಿ ಇಳಿಸಿದರು. ಬೆಳಕು ಕೆಳಗೆ ಹೋಗಿ ಚಿಕ್ಕದಾಗಿ, ಆರಿತು. ಎಳೆದುಕೊಂಡರು. ಇನ್ನೊಂದು ತಾಸು ಕಾದರು. ಎರಡನೆಯ ಸಲ ಬೆಳಕು ಆರಲಿಲ್ಲ. ಆಯಿ ಹಗ್ಗದ ತುದಿಯನ್ನು ತನ್ನ ಕೈಗೆ ಸುತ್ತಿಕೊಂಡು, ಯಂಕಪ್ಪ ಇಳಿದು ಮೇಲೆ ಬರುವ ತನಕ ಬಿಡಲಿಲ್ಲ. ಅವನು ಪ್ರತಿ ಸಲ ಬುಟ್ಟಿ ತುಂಬಿದಾಗಲೂ ಅವಳು “ಯಂಕಪ್ಪ” ಎಂದು ಕರೆಯುತ್ತಿದ್ದಳು, ಅವನು “ಇದೀನ್ ಬೇ” ಎನ್ನುತ್ತಿದ್ದ. ಸಂಜೆಯ ತನಕ ಅದೇ ಮಾತು, ಅದೇ ಉತ್ತರ.

ಚೀಲಕ್ಕೆ ತುಂಬಿ ತೂಗಿದೆವು. ಗೋಡೆಗೆ ತಾಗಿದ್ದ ಎರಡು ಚೀಲದಷ್ಟು ಜೋಳ ಕಪ್ಪಾಗಿತ್ತು, ಅದು ದನಕ್ಕೆ. ಉಳಿದ ಇಪ್ಪತ್ತೆಂಟು ಚೀಲ ಚೊಕ್ಕ. ಸೆಪ್ಟೆಂಬರ್ ಕೊನೆಗೆ ಉಗ್ರಾಣದಲ್ಲಿದ್ದ ಎರಡು ಸೇರಿದರೆ ಮೂವತ್ತು. ತಿಂಗಳಿಗೆ ಐದು ಚೀಲ ಹಿಡಿದರೆ ಮಾರ್ಚ್ ತನಕ ಸರಿಹೋಗುತ್ತದೆ. ಒಂದು ಮುಷ್ಟಿಯೂ ಹೆಚ್ಚಿಲ್ಲ.

ಖಾಲಾ ವಹಿ ತಂದರು. ಖಾಲಿಯಿದ್ದ ಕಡೆ ನಾನು ಬರೆದೆ: ಏಪ್ರಿಲ್‌ನಲ್ಲಿ ಬಂದದ್ದು ಅರವತ್ತು, ಅದರಲ್ಲಿ ಹಿತ್ತಲ ಹಗೇವಿಗೆ ಮೂವತ್ತು, ಇಂದು ತೆರೆದು ತೂಗಿದ್ದು ಇಪ್ಪತ್ತೆಂಟು, ಕೆಟ್ಟದ್ದು ಎರಡು. ಖಾಲಾ ಉರ್ದೂವಿನಲ್ಲಿ ಸಹಿ ಹಾಕಿದರು. ಯಂಕಪ್ಪ ಸಾಕ್ಷಿಗೆ ಹೆಬ್ಬೆಟ್ಟು ಒತ್ತಿದ. ಆಯಿ ತನ್ನ ಹೆಬ್ಬೆರಳನ್ನು ಮಸಿಗೆ ಅದ್ದಿ ಬಹಳ ಹೊತ್ತು ಮೇಲೆಯೇ ಹಿಡಿದಿದ್ದಳು.

“ಹಗೇವು ಅಂತ ಬರದೀಯೇನು?”

“ಬರದೀನಿ.”

“ಎಲ್ಲಿ ಬರದೀದಿ?”

ತೋರಿಸಿದೆ. ಅವಳಿಗೆ ಓದು ಬರುವುದಿಲ್ಲ. ನಾನು ಬೆರಳಿಟ್ಟ ಜಾಗವನ್ನು ನೋಡಿ, ಅದರ ಮೇಲೆ ಬೀಳದಂತೆ, ಪಕ್ಕದಲ್ಲಿ ಒತ್ತಿದಳು.

ಸೋಮವಾರ ಕಚೇರಿಯಲ್ಲಿ ಮಂಡಳಿ ಕೂಡಿತು. ಅಧ್ಯಕ್ಷರು ಚಂದ್ರಶಾ, ತೊಗರಿಯ ದಲ್ಲಾಳಿ ವ್ಯಾಪಾರದ ಅಡತಿಯವರು. ದತ್ತಪ್ಪನವರು ನಾನು ಕೊಟ್ಟ ಕರಡನ್ನು ಓದಿ, ವಹಿಯ ಆ ಹಾಳೆಯ ಮೇಲೆ ಬಹಳ ಹೊತ್ತು ಬಗ್ಗಿದ್ದರು.

“ಹಗೇವು ಇತ್ತು ಅಂದ್ರ ಬಂದ ಮಾಲಿನ ಲೆಕ್ಕದಾಗ ಯಾಕಿರಲಿಲ್ಲ?”

“ಬರಸ್ಲಾಕ ಅಂಜ್ಯಾರ್ರಿ.”

“ಯಾರಿಗೆ? ನಮಗೇನು?”

ಚಂದ್ರಶಾ ಎಲೆ ಅಡಿಕೆಯ ಡಬ್ಬಿ ಮುಚ್ಚಿದರು. “ದತ್ತಪ್ಪನವರ, ನೀವು ಖಜಾನ್ಯಾಗ ಇದ್ದವರು. ಪ್ಯಾಟಿಯಾಗ ತಿಂಗಳ ತಿಂಗಳ ರೇಷನ್ ಜೋಳ ತಂದು ಉಂಡವರು. ಹಳ್ಳ್ಯಾಗ ಹಗೇವಿನ ಸುದ್ದಿ ಮಗಳ ಗಂಡಗೂ ಹೇಳಾಂಗಿಲ್ಲ. ನಮ್ಮ ಮನ್ಯಾಗ ಎಷ್ಟದಾವ ಅಂತ ನೀವು ಕೇಳಿದ್ರ ನಾನೂ ಸುಳ್ಳೇ ಹೇಳ್ತೀನಿ.”

“ಅದು ಸರಿ. ಆದ್ರ ಪೈಸಾ ಖರ್ಚಾದದ್ದು ಖರ್ಚಾದದ್ದೇ ಅಲ್ಲೇನ್ರಿ? ಮೊದಲ ಆರು ತಿಂಗಳಾಗ ನಾಲ್ಕು ಸಾವಿರದ ನೂರಾ ನಲವತ್ತು ಹೋಗ್ಯಾವ.”

ಎಲ್ಲರೂ ನನ್ನ ಕಡೆ ನೋಡಿದರು. ನನ್ನ ದನಿ ನನಗೇ ಪಕ್ಕದ ಕೋಣೆಯಿಂದ ಬಂದಂತೆ ಕೇಳಿಸಿತು.

“ಹೋಗ್ಯಾವ್ರಿ, ಅದನ್ನ ಕಮ್ಮಿ ಬರದಿಲ್ಲ. ಆದ್ರ ಅದರಾಗ ಒಂಬೈನೂರರ ಜೋಳ ಮುಂದಿನ ಆರು ತಿಂಗಳಿಂದು. ಪಾಟಿ, ಬಟ್ಟಿ ವರ್ಷದ್ದು ಬಹಳಷ್ಟು ತಂದಾಗ್ಯಾದ. ಎರಡರಿಂದ ಗುಣಿಸಿದ್ರ ಇನ್ನೊಮ್ಮಿ ಅರವತ್ತು ಚೀಲ ಕೊಂಡಾಂಗ ಆಗ್ತದ. ನಾವು ಕೊಳ್ಳಾಂಗಿಲ್ಲಲ್ರಿ. ಮುಂದ ಕೊಳ್ಳೋದು ಅಷ್ಟೇ ಕೂಡಿಸೀನಿ. ಪಗಾರ ಏಳುನೂರಾ ಇಪ್ಪತ್ತು, ಬಾಡಿಗಿ ನೂರಾ ಎಂಬತ್ತು, ಬೇಳಿ ಎಣ್ಣಿ ಒಂದು ಸಾವಿರದ ಇಪ್ಪತ್ತು, ಬಟ್ಟಿ ಪಾಟಿಗೆ ಉಳಿದ ಅರವತ್ತು. ಜೋಳಕ್ಕ ಸೊನ್ನಿ.”

ದತ್ತಪ್ಪನವರು ಬಾಯಲ್ಲೇ ಕೂಡಿಸಿದರು. “ಒಂದು ಸಾವಿರದ ಒಂಬೈನೂರಾ ಎಂಬತ್ತು.”

“ಹೌದ್ರಿ. ಆಗಿದ್ದು, ಆಗೋದು ಎರಡೂ ಸೇರಿ ಆರು ಸಾವಿರದ ನೂರಾ ಇಪ್ಪತ್ತು. ಅಂದಾಜಿಗಿಂತ ನೂರಾ ಇಪ್ಪತ್ತು ಹೆಚ್ಚು.”

“ಅಂದ್ರ ಹೆಚ್ಚು ಆಗೇ ಆಗ್ತದ.”

“ಆಗ್ತದ್ರಿ. ಬೇಳಿ ಎಣ್ಣಿ ತುಟ್ಟಿ ಆಗ್ಯಾವ, ತಿಂಗಳಿಗೆ ಹತ್ತರಂಗ. ಅದು ಮುಂದ ಇಳೀತದ ಅಂತ ಬರೀಲಾಕ ನನಗ ಆಧಾರಿಲ್ಲ.”

ದತ್ತಪ್ಪನವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಒಂದು ಸಲ, ಮತ್ತೆ ಒಂದು ಸಲ, ಕೊಡೆಯನ್ನು ನೋಡುವ ಹಾಗೆ. “ಆ ನೂರಾ ಇಪ್ಪತ್ತು ಮುಚ್ಚಿಟ್ಟಿದ್ರ ನಾ ಈ ಟಿಪ್ಪಣಿ ನಂಬತಿರಲಿಲ್ಲ,” ಎಂದರು. ಆಮೇಲೆ ತಮ್ಮ ಎಂಟು ಸಾವಿರದ ಹಾಳೆಯನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡರು. ಹರಿಯಲಿಲ್ಲ.

“ನೂರಾ ಇಪ್ಪತ್ತು ಕಲ್ದಾರ ಅಂದ್ರ ಹಾಲಿ ನೂರಾ ನಲವತ್ತು,” ಎಂದರು ಚಂದ್ರಶಾ. “ಅಡತಿಯವರೆಲ್ಲಾ ಕೂಡಿ ಕೊಡತೀವಿ. ಹಾಲಿನೇ ಕೊಡತೀವಿ, ನಮ್ಮ ಪೆಟ್ಟಿಗ್ಯಾಗ ಅವೇ ಕೊಳೀಲಾಕತ್ತಾವ.”

ಒಬ್ಬಿಬ್ಬರು ನಕ್ಕರು. ಕಮಲಾಪುರ ಮುಚ್ಚುವ ಮಾತನ್ನು ಯಾರೂ ಎತ್ತಲಿಲ್ಲ, ಎತ್ತದಿರುವುದೇ ತೀರ್ಮಾನವಾಯಿತು. ದತ್ತಪ್ಪನವರು ಏಳುವಾಗ ಎರಡು ಕೆಲಸ ಹೇಳಿದರು. ಇನ್ನು ಮೇಲೆ ಜೋಳದ ಅಂದಾಜನ್ನು ಹನ್ನೆರಡು ತಿಂಗಳಿಗೆ ಸಮನಾಗಿ ಹಂಚದೆ ಕೊಳ್ಳುವ ತಿಂಗಳಿಗೇ ಹಾಕಬೇಕು. ಅರ್ಧ ವರ್ಷದ ಖರ್ಚಿನ ಪಕ್ಕದಲ್ಲಿ ಕೈಯಲ್ಲಿರುವ ದಾಸ್ತಾನಿಗೆ ಒಂದು ಕಾಲಂ ಇರಬೇಕು.

“ಚೊಕ್ಕ ಪ್ರತಿ ಇವತ್ತೇ ಬರದಿಡು. ಖಂಡೆಪ್ಪನ ಜಾಗದಾಗ ನಿನ್ನ ಸಹಿ ಹಾಕು.”

ಅವರೆಲ್ಲ ಹೋದ ಮೇಲೆ ಖಂಡೆಪ್ಪನವರ ಮೇಜಿಗೆ ಹೋಗಿ ಕೂತೆ. ಸೇಡಂ ರಸ್ತೆಯಲ್ಲಿ ಒಂದು ಬಂಡಿ ಹೋಗುತ್ತಿತ್ತು, ಅದರ ಅಚ್ಚಿಗೆ ಎಣ್ಣೆ ಹಾಕಿರಲಿಲ್ಲ. ಗೆರೆ ಎಳೆದೆ. ವರ್ಷದ ಅಂದಾಜು, ಆರು ತಿಂಗಳ ಅಂದಾಜು, ಆದ ಖರ್ಚು, ವ್ಯತ್ಯಾಸ. ಆಮೇಲೆ ದತ್ತಪ್ಪನವರು ಹೇಳಿದ ದಾಸ್ತಾನಿನ ಕಾಲಂ. ಅದರಲ್ಲಿ ಜೋಳದ ಎದುರಿಗೆ ಮೂವತ್ತು ಚೀಲ ಎಂದು ಬರೆದು, ಅದರ ಕೆಳಗೆ ಹಗೇವು ಎಂದು ಬರೆದೆ. ಅಪ್ಪನ ಕೈಯಕ್ಷರದಲ್ಲಿ ಅದರ ಗಕಾರ ಹೇಗಿರುತ್ತಿತ್ತೆಂದು ನೆನೆಯಲು ನೋಡಿದೆ. ನೆನಪಿಗೆ ಬರಲಿಲ್ಲ. ನನ್ನದೇ ಗಕಾರ ಕಾಗದದ ಮೇಲೆ ಒದ್ದೆಯಾಗಿ ಹೊಳೆಯುತ್ತಿತ್ತು.

ಮುಂದಿನ ಆರು ತಿಂಗಳು. ಅಕ್ಟೋಬರ್, ಮುನ್ನೂರಾ ಮೂವತ್ತು. ನವೆಂಬರ್, ಮುನ್ನೂರಾ ಮೂವತ್ತು. ಡಿಸೆಂಬರಿನ ಎದುರಿಗೂ ಅಷ್ಟೇ ಬರೆದೆ. ಲೇಖನಿ ಅಲ್ಲಿ ನಿಲ್ಲಲಿಲ್ಲ, ಜನವರಿಗೆ ಹೋಯಿತು, ಫೆಬ್ರವರಿಗೆ ಹೋಯಿತು, ಮಾರ್ಚಿಗೆ ಬಂದು ಮುಗಿಯಿತು. ಕೆಳಗೆ ಮೊತ್ತ. ಅದರ ಕೆಳಗೆ ಹೆಚ್ಚುವರಿ ನೂರಾ ಇಪ್ಪತ್ತು, ಅದು ಎಲ್ಲಿಂದ ಬರುತ್ತದೆಂಬ ಒಂದು ಸಾಲು.

ಖಂಡೆಪ್ಪನವರು ಅರ್ಧಕ್ಕೆ ಬಿಟ್ಟಿದ್ದ ಉರ್ದೂ ಹಾಳೆಯನ್ನು ಇದರ ಅಡಿಗೆ ಇಟ್ಟೆ, ಕೆಂಪು ದಾರದಿಂದ ಎರಡನ್ನೂ ಸೇರಿಸಿ ಕಟ್ಟಿದೆ. ಪುತಳಾಬಾಯಿ, ತಂದೆ ಭಾಗಪ್ಪ ಎಂದು ಸಹಿ ಹಾಕಿ, ತಾರೀಖು ಬರೆದು, ಒತ್ತುಕಾಗದ ಇಟ್ಟು ಒತ್ತಿದೆ.